ಟ್ಯಾಂಕಿನಲ್ಲಿ ಕಲಿತದ್ದು ಬಾವಿಗೆ ಬರುವುದೇ? ನೀರುಗಂಟಿಗಳ ತರಬೇತಿ ಮತ್ತು ಕಲಿಕೆಯ ವರ್ಗಾವಣೆ

ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರು ಮಳೆಗಾಲಕ್ಕೆ ಮುನ್ನ ನೀರುಗಂಟಿಗಳ ಕ್ಲೋರಿನೀಕರಣ ತರಬೇತಿಗೆ ಅನುಮೋದನೆ ನೀಡುವಾಗ ಒಂದು ಅಂಶವನ್ನು ಪರಿಶೀಲಿಸುವುದು ಅಗತ್ಯ. ತರಬೇತಿಯಲ್ಲಿ 50,000 ಲೀಟರಿನ ಓವರ್‌ಹೆಡ್ ಟ್ಯಾಂಕನ್ನು ತೋರಿಸಿ, 125 ಗ್ರಾಂ ಬ್ಲೀಚಿಂಗ್ ಪುಡಿ ಹಾಕಬೇಕೆಂದು ಕಲಿಸಲಾಯಿತು ಎಂದಿಟ್ಟುಕೊಳ್ಳೋಣ. ಮೂಡಿಗೆರೆ ಅಥವಾ ಕಳಸದ ಕಡೆಯ ನೀರುಗಂಟಿ ಊರಿಗೆ ಮರಳಿದಾಗ, ಲೈನ್ ಮನೆಗಳವರು ಕುಡಿಯುವುದು ತೆರೆದ ಬಾವಿಯ ನೀರು. ಅದಕ್ಕೂ ಆತ 125 ಗ್ರಾಂ ಹಾಕುತ್ತಾನೆ, ಇಲ್ಲವೇ ಏನನ್ನೂ ಹಾಕುವುದಿಲ್ಲ. ಆತ ಪಾಠವನ್ನು ಮರೆತಿಲ್ಲ. ಕಲಿತದ್ದು ಸಂಖ್ಯೆಯನ್ನೇ ಹೊರತು, 1000 ಲೀಟರಿಗೆ 2.5 ಗ್ರಾಂ ಎಂಬ ಸಂಬಂಧವನ್ನಲ್ಲ.

ಒಂದು ಸಂದರ್ಭದಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಬಳಸುವುದಕ್ಕೆ ಕಲಿಕೆಯ ವರ್ಗಾವಣೆ ಎನ್ನುತ್ತಾರೆ. 25,000 ಲೀಟರಿನ ಟ್ಯಾಂಕಿಗೆ ಸುಮಾರು 62 ಗ್ರಾಂ ಎಂದು ಲೆಕ್ಕಹಾಕುವುದು ಸಮೀಪ ವರ್ಗಾವಣೆ. ಹೊಸ ಸಂದರ್ಭ ಹಳೆಯದರಂತೆಯೇ ಇದೆ. ಬಾವಿ ಅದಕ್ಕಿಂತ ದೂರದ್ದು, ಏಕೆಂದರೆ ಅದರ ಗೋಡೆಯ ಮೇಲೆ ಸಾಮರ್ಥ್ಯ ಬರೆದಿರುವುದಿಲ್ಲ. ಬಾವಿಯ ವ್ಯಾಸ 3 ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ, 3.14 × 3 × 3 × 4 ÷ 4, ಅಂದರೆ 28.26 ಘನ ಮೀಟರ್, ಸುಮಾರು 28,000 ಲೀಟರ್. ಬೇಕಾದ ಪುಡಿ ಸುಮಾರು 70 ಗ್ರಾಂ. ಜುಲೈ ತಿಂಗಳ ಮಳೆಗೆ ನೀರು 6 ಮೀಟರಿಗೆ ಏರಿದರೆ ಅದೇ ಬಾವಿಗೆ ಸುಮಾರು 106 ಗ್ರಾಂ ಬೇಕು. ವಾಂತಿಭೇದಿ ಹರಡುವ ಕಾಲದಲ್ಲಿಯೇ ಬೇಸಿಗೆಯ ಅಳತೆ ಸಾಲದಾಗುತ್ತದೆ.

ಇಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಇದೇ ಲೆಕ್ಕವನ್ನು ತೋಟದಲ್ಲಿ ಕೆಲಸ ಮಾಡಿದವರು ತಪ್ಪಿಲ್ಲದೆ ಮಾಡುತ್ತಾರೆ. ಕಾಫಿಗೆ ಶೇಕಡಾ ಅರ್ಧದ ಬೋರ್ಡೋ ದ್ರಾವಣಕ್ಕೆ 200 ಲೀಟರಿನ ಬ್ಯಾರಲ್ಲಿಗೆ 1 ಕಿಲೋ ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ ಒಂದರ ದ್ರಾವಣವಾದರೆ 100 ಲೀಟರಿಗೇ 1 ಕಿಲೋ. ನೀರು ಹೆಚ್ಚಾದರೆ ಮೈಲುತುತ್ತವೂ ಹೆಚ್ಚಬೇಕೆಂದು ಅವರಿಗೆ ಯಾರೂ ನೆನಪಿಸಬೇಕಾಗಿಲ್ಲ. ಆದರೂ ತೋಟದ ಈ ತಿಳಿವಳಿಕೆ ಬಾವಿಕಟ್ಟೆಗೆ ತಾನಾಗಿ ಬರುವುದಿಲ್ಲ. ಇದೇ ದೂರ ವರ್ಗಾವಣೆಯ ತೊಡಕು.

1980ರಲ್ಲಿ ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗ ಈ ತೊಡಕಿನ ಸ್ವರೂಪವನ್ನು ತೋರಿಸಿತು. ಸೈನ್ಯವನ್ನು ಸಣ್ಣ ಗುಂಪುಗಳಾಗಿ ಹಂಚಿ, ಹಲವು ದಾರಿಗಳಿಂದ ಒಮ್ಮೆಲೇ ಕೋಟೆಗೆ ನುಗ್ಗಿಸಿದ ಸೇನಾಪತಿಯ ಕಥೆಯನ್ನು ಓದಿಸಿ, ನಂತರ ಆರೋಗ್ಯವಂತ ಭಾಗಕ್ಕೆ ಹಾನಿಯಾಗದಂತೆ ಕಿರಣಗಳಿಂದ ಗಡ್ಡೆಯನ್ನು ನಾಶಪಡಿಸುವ ಬಗೆಯನ್ನು ಕೇಳಲಾಯಿತು. ಉತ್ತರ ಕಥೆಯಲ್ಲಿಯೇ ಇತ್ತು: ದುರ್ಬಲ ಕಿರಣಗಳನ್ನು ಹಲವು ಕಡೆಗಳಿಂದ ಹಾಯಿಸುವುದು. ಕಥೆ ಓದಿಯೂ ಹತ್ತರಲ್ಲಿ ಸುಮಾರು ಮೂವರಿಗೆ ಮಾತ್ರ ಅದು ಹೊಳೆಯಿತು. ಕಥೆಯನ್ನು ಬಳಸಿಕೊಳ್ಳಿ ಎಂದು ಸೂಚಿಸಿದೊಡನೆ ಸುಮಾರು ಮುಕ್ಕಾಲು ಪಾಲು ಜನ ಬಿಡಿಸಿದರು. ಜ್ಞಾನವಿತ್ತು, ಅದು ಇಲ್ಲಿಗೂ ಸಲ್ಲುತ್ತದೆ ಎಂಬ ಅರಿವು ಇರಲಿಲ್ಲ. ಎರಡು ಕಥೆಗಳನ್ನು ಹೋಲಿಸಿ ಸಾಮ್ಯವನ್ನು ಬರೆದವರಿಗೆ ಆ ಅರಿವು ಹೆಚ್ಚು ಸುಲಭವಾಗಿ ಮೂಡಿದುದನ್ನು ಅವರೇ 1983ರಲ್ಲಿ ತೋರಿಸಿದರು.

ಆದುದರಿಂದ ತರಬೇತುದಾರರು ಬ್ಯಾರಲ್ಲನ್ನೂ ಬಾವಿಯನ್ನೂ ಅಕ್ಕಪಕ್ಕದಲ್ಲಿ ಇರಿಸಿ ಕಲಿಸಬೇಕು. ಎರಡರಲ್ಲಿಯೂ ಸಮಾನವಾದುದೇನೆಂದು ನೀರುಗಂಟಿಗಳೇ ಹೇಳಬೇಕು. ತರಬೇತುದಾರರೇ ಹೇಳಿಬಿಟ್ಟರೆ ಪ್ರಯೋಜನ ಕಡಿಮೆ. ಲೆಕ್ಕದ ಸಾಮ್ಯ ಮೊದಲು ಬರುತ್ತದೆ. ಬಳಿಕ, ದ್ರಾವಣ ಸಿಂಪಡಿಸುವ ಮುನ್ನ ಏನು ಮಾಡುತ್ತೀರಿ ಎಂದು ಕೇಳಬೇಕು. ಹೊಳೆಯುವ ಚೂರಿಯನ್ನು ಅದ್ದಿ ನೋಡುತ್ತೇವೆ, ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೆರೆಸುತ್ತೇವೆ ಎಂಬ ಉತ್ತರ ಬರುತ್ತದೆ. ಕ್ಲೋರೋಸ್ಕೋಪ್ ಬಾವಿಯ ಚೂರಿಯಿದ್ದಂತೆ. ಈ ಮಾತು ಒಮ್ಮೆ ಮನಸ್ಸಿಗೆ ಹತ್ತಿದರೆ, ಪೆಟ್ಟಿಗೆಯಲ್ಲಿ ಧೂಳು ಹಿಡಿಯುತ್ತಿದ್ದ ಉಪಕರಣ ಹೊರಗೆ ಬರುವ ಸಂಭವ ಹೆಚ್ಚು.

ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಕಲಿಸಬೇಕು. ಇಲ್ಲವಾದರೆ ಹಳೆಯ ಜ್ಞಾನವೇ ದಾರಿ ತಪ್ಪಿಸುತ್ತದೆ. ಮೈಲುತುತ್ತದ ಸತ್ವ ಚೀಲದಲ್ಲಿ ಉಳಿಯುತ್ತದೆ. ಬ್ಲೀಚಿಂಗ್ ಪುಡಿಯದ್ದು ತೇವಕ್ಕೆ ಹಾರಿಹೋಗುತ್ತದೆ, ಮಲೆನಾಡಿನಲ್ಲಿಯಂತೂ ಬೇಗನೆ. ಕೆಸರು ಮತ್ತು ಕೊಳೆತ ಎಲೆಗಳು ಕ್ಲೋರಿನ್ನನ್ನು ನುಂಗುತ್ತವೆ. ಹೀಗಾಗಿ 2.5 ಗ್ರಾಂ ಎಂಬುದು ತಿಳಿನೀರಿಗೆ, ಒಳ್ಳೆಯ ಪುಡಿಗೆ ಹೇಳಿದ ಆರಂಭದ ಅಳತೆ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಗಷ್ಟು ಕೆಳಗಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಪರೀಕ್ಷಿಸಬೇಕು. ಹಳದಿ ಬಣ್ಣ ಬಾರದಿದ್ದರೆ ಲೆಕ್ಕ ಸರಿಯಿದ್ದರೂ ನೀರು ಸುರಕ್ಷಿತವಲ್ಲ. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು.

ತರಬೇತಿ ಮುಗಿದ ಮರುದಿನ ಅದೇ ಟ್ಯಾಂಕಿನ ಪ್ರಶ್ನೆ ಕೇಳಿದರೆ ಎಲ್ಲರೂ ಉತ್ತೀರ್ಣರಾಗುತ್ತಾರೆ. ಅದರಿಂದ ತಿಳಿಯುವುದು ಅತ್ಯಲ್ಪ. ಒಂದು ತಿಂಗಳ ನಂತರ, ನೀರುಗಂಟಿ ಎಂದೂ ಅಳೆಯದ ಬಾವಿಯೊಂದರ ಬಳಿ ಹಗ್ಗ, ಅಳತೆಪಟ್ಟಿ ಮತ್ತು ಕ್ಲೋರೋಸ್ಕೋಪ್ ಕೊಟ್ಟು, ಯಾವ ಸೂಚನೆಯನ್ನೂ ನೀಡದೆ, ಆತ ಮೊದಲು ಏನನ್ನು ಕೈಗೆತ್ತಿಕೊಳ್ಳುತ್ತಾನೆ ಎಂಬುದನ್ನು ವಾರ್ಡಿನ ಸದಸ್ಯರು ನಿಂತು ನೋಡುವುದು.