ಪತ್ರಲೇಖನ ಪಾಠ: ಬ್ಯಾಂಕ್ ಗ್ಯಾರಂಟಿಯ ಅವಧಿ ವಿಸ್ತರಣೆ ಕೋರಿ ಪತ್ರ

ತರಗತಿ: ಪಿಯು ವಾಣಿಜ್ಯ ವಿಭಾಗ. ಅವಧಿ: 45 ನಿಮಿಷ.

ಉದ್ದೇಶ: ಇಲಾಖೆ ಹೆಚ್ಚುವರಿ ಕಾಲಾವಕಾಶ ಕೊಟ್ಟಾಗ ಗುತ್ತಿಗೆದಾರನು ಬ್ಯಾಂಕಿಗೆ ಬರೆಯುವ ಪತ್ರದಲ್ಲಿ ಸರಿಯಾದ ದಿನಾಂಕವನ್ನು ವಿದ್ಯಾರ್ಥಿಯೇ ಲೆಕ್ಕಹಾಕಿ ಬರೆಯುವುದು.

ಪೀಠಿಕೆಯಲ್ಲಿ ಈ ಕಲ್ಪಿತ ಸಂದರ್ಭವನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ರಾಜೇಶ್ವರದ ಗುತ್ತಿಗೆದಾರನೊಬ್ಬ 40 ಲಕ್ಷ ರೂಪಾಯಿಗೆ ಶಾಲಾ ಕೊಠಡಿ ಕಟ್ಟಲು ಒಪ್ಪಿದ್ದಾನೆ. ಕೆಲಸ ಮುಗಿಸಬೇಕಾದ ದಿನ 31-3-2025. ಅವನು ಕೆಲಸ ಕೈಬಿಟ್ಟರೆ 2 ಲಕ್ಷ ರೂಪಾಯಿ ಕೊಡುವೆನೆಂದು ಬ್ಯಾಂಕು ಇಲಾಖೆಗೆ ಲಿಖಿತ ಭರವಸೆ ಕೊಟ್ಟಿದೆ. ಇದೇ ಪರ್ಫಾರ್ಮೆನ್ಸ್ ಗ್ಯಾರಂಟಿ. ಕರಾರಿನ ಪ್ರಕಾರ ಅದು ಕೆಲಸ ಮುಗಿಯಬೇಕಾದ ದಿನದಿಂದ 30 ದಿನ, ಅಂದರೆ 30-4-2025ರವರೆಗೆ, ಜಾರಿಯಲ್ಲಿರಬೇಕು. ಈಗ ನಕ್ಷೆ ಬದಲಾದ ಕಾರಣ ಇಲಾಖೆ 31-7-2025ರವರೆಗೆ ಕಾಲಾವಕಾಶ ನೀಡಿದೆ.

ಪ್ರಶ್ನೆ: ಇಲಾಖೆಯ ಆದೇಶದಿಂದ ಗ್ಯಾರಂಟಿಯೂ ತಾನಾಗಿ ಮುಂದುವರಿಯುವುದೇ?

ಇಲ್ಲ. ಬ್ಯಾಂಕು ಕಾಮಗಾರಿಯ ಕರಾರಿನಲ್ಲಿ ಪಕ್ಷಗಾರನಲ್ಲ. ಅದರ ಹೊಣೆ ಗ್ಯಾರಂಟಿ ಪತ್ರದಲ್ಲಿರುವ ದಿನಾಂಕಕ್ಕೆ ಸೀಮಿತ. ಆ ದಿನ ದಾಟಿದರೆ ಇಲಾಖೆಗೆ ಭದ್ರತೆ ಇಲ್ಲ. ಆದ್ದರಿಂದ ಕೊನೆಯ ದಿನ ಹತ್ತಿರ ಬಂದಾಗ ಇಲಾಖೆಯು 'ಅವಧಿ ವಿಸ್ತರಿಸಿ, ಇಲ್ಲವೇ ಹಣ ಕೊಡಿ' ಎಂದು ಬ್ಯಾಂಕಿಗೆ ಬರೆಯಬಹುದು. ಗುತ್ತಿಗೆದಾರನ ಪತ್ರ ಅದಕ್ಕೆ ಮೊದಲೇ ತಲುಪಬೇಕು.

ಮಾದರಿ ಪತ್ರ

ದಿನಾಂಕ: 1-4-2025

ಇವರಿಗೆ,
ಶಾಖಾ ವ್ಯವಸ್ಥಾಪಕರು, ........ ಬ್ಯಾಂಕ್, ಬಸವಕಲ್ಯಾಣ

ಮಾನ್ಯರೇ,

ವಿಷಯ: ಗ್ಯಾರಂಟಿ ಸಂಖ್ಯೆ ......, ಮೊತ್ತ ರೂ. 2,00,000, ಇದರ ಅವಧಿಯನ್ನು 30-8-2025ರವರೆಗೆ ವಿಸ್ತರಿಸುವ ಕುರಿತು.

ಮೇಲ್ಕಂಡ ಗ್ಯಾರಂಟಿಯ ಅವಧಿ 30-4-2025ಕ್ಕೆ ಮುಗಿಯುತ್ತದೆ. ಇಲಾಖೆಯು 20-3-2025ರ ಆದೇಶದಂತೆ ಕಾಮಗಾರಿಗೆ 31-7-2025ರವರೆಗೆ ಕಾಲಾವಕಾಶ ನೀಡಿದೆ. ಆದ್ದರಿಂದ ಮೊತ್ತ ಮತ್ತು ಉಳಿದ ಷರತ್ತುಗಳನ್ನು ಬದಲಿಸದೆ ಅವಧಿಯನ್ನು 30-8-2025ರವರೆಗೆ ವಿಸ್ತರಿಸಿ, ತಿದ್ದುಪಡಿ ಪತ್ರವನ್ನು ಇಲಾಖೆಯ ಹೆಸರಿಗೆ ನೀಡಬೇಕೆಂದು ಕೋರುತ್ತೇನೆ. ಕಮಿಷನ್ನು ಮತ್ತು ಇತರ ಶುಲ್ಕವನ್ನು ನನ್ನ ಚಾಲ್ತಿ ಖಾತೆ ಸಂಖ್ಯೆ ......ರಿಂದ ಪಡೆಯಬಹುದು. ಮಾರ್ಜಿನ್ ಆಗಿ ಇಟ್ಟಿರುವ ಠೇವಣಿಯನ್ನೂ ಅಲ್ಲಿಯವರೆಗೆ ಮುಂದುವರಿಸಲು ಒಪ್ಪಿದ್ದೇನೆ.

ಲಗತ್ತು: ಕಾಲಾವಕಾಶ ಆದೇಶದ ಪ್ರತಿ, ಗ್ಯಾರಂಟಿಯ ಪ್ರತಿ.

ತಮ್ಮ ವಿಶ್ವಾಸಿ,
(ಸಹಿ)

ಬೋಧಕರ ಗಮನಕ್ಕೆ: ವಿದ್ಯಾರ್ಥಿಗಳು ಸಾಮಾನ್ಯವಾಗಿ 31-7-2025 ಎಂದು ಬರೆಯುತ್ತಾರೆ. ಅದು ಕೆಲಸ ಮುಗಿಯುವ ದಿನ. ಗ್ಯಾರಂಟಿಗೆ ಅದರ ಮೇಲೆ 30 ದಿನ ಬೇಕು. 'ನಾಲ್ಕು ತಿಂಗಳು ವಿಸ್ತರಿಸಿ' ಎಂದಷ್ಟೇ ಬರೆದರೂ ಸಾಲದು, ಯಾವ ದಿನದಿಂದ ಎಣಿಸಬೇಕೆಂಬ ಸಂದೇಹ ಉಳಿಯುತ್ತದೆ. ಗ್ಯಾರಂಟಿಯಲ್ಲಿ ಹಣ ಕೇಳಲು ಬೇರೊಂದು ಕೊನೆಯ ದಿನ ನಮೂದಾಗಿದ್ದರೆ ಅದನ್ನೂ ಮುಂದೂಡುವಂತೆ ಪತ್ರದಲ್ಲಿ ಕೋರಬೇಕು.

ಮೌಲ್ಯಮಾಪನ: ಇಲಾಖೆ 30-9-2025ರವರೆಗೆ ಮತ್ತೆ ಕಾಲಾವಕಾಶ ಕೊಟ್ಟರೆ ಯಾವ ದಿನಾಂಕ ಕೋರಬೇಕು? ಬ್ಯಾಂಕಿಗೆ ಪತ್ರ ಯಾವ ದಿನದೊಳಗೆ ತಲುಪಬೇಕು? (ಉತ್ತರ: 30-10-2025, 30-8-2025ಕ್ಕೆ ಸಾಕಷ್ಟು ಮೊದಲು, ತಿದ್ದುಪಡಿ ಪತ್ರವೂ ಆ ದಿನದೊಳಗೆ ಇಲಾಖೆಯ ಕೈ ಸೇರುವಂತೆ.)