ಹಳೆಯ ಸಿಸೇರಿಯನ್ ಗಾಯ, ಹೊಸ ಬಸಿರು

ಕೆ.ಆರ್. ಪೇಟೆಯ ಓದುಗರೊಬ್ಬರಿಗೆ ಈಗ ಏಳು ತಿಂಗಳು. ಮೊದಲ ಹೆರಿಗೆ ಸಿಸೇರಿಯನ್. ಈ ಸಲ ಸಹಜ ಹೆರಿಗೆಯ ಆಸೆ. ಆದರೆ ನೋವು ಬಂದಾಗ ಹಳೆಯ ಗಾಯ ಬಿರಿದೀತೆಂಬ ಭಯ.

ಅದು ಅಪರೂಪ. ಗರ್ಭಕೋಶದ ಕೆಳಭಾಗವನ್ನು ಅಡ್ಡಲಾಗಿ ಕೊಯ್ದಿದ್ದರೆ, ಯತ್ನಿಸುವ 200 ಮಂದಿಯಲ್ಲಿ ಸುಮಾರು ಒಬ್ಬರಿಗೆ ಹಾಗಾಗುತ್ತದೆ. ಹೊರಗಿನ ಕಲೆ ನೋಡಿ ಒಳಗಿನ ಕೊಯ್ತ ತಿಳಿಯದು. ಹಳೆಯ ಡಿಸ್ಚಾರ್ಜ್ ಚೀಟಿಯನ್ನು ತಾಯಿ ಕಾರ್ಡಿನೊಂದಿಗೆ ಒಯ್ಯಬೇಕು.

ಸ್ಕ್ಯಾನಿನಲ್ಲಿ ವೈದ್ಯರು ಮಾಸು ಎಲ್ಲಿದೆಯೆಂದು ನೋಡುತ್ತಾರೆ. ಅದು ಗರ್ಭಕೋಶದ ಬಾಯಿ ಮುಚ್ಚಿ ಗಾಯದ ಮೇಲೆ ಕೂತಿದ್ದರೆ ಸಿಸೇರಿಯನ್ನೇ ದಾರಿ. ಇಲ್ಲವಾದರೆ ಸಹಜ ಹೆರಿಗೆಗೆ ಯತ್ನಿಸಬಹುದು, ಅಥವಾ ಸುಮಾರು 39ನೇ ವಾರಕ್ಕೆ ಸಿಸೇರಿಯನ್ ನಿಗದಿ ಮಾಡಬಹುದು.

ಯತ್ನಕ್ಕೆ ರಾತ್ರಿಯೂ ಆಪರೇಷನ್, ರಕ್ತ ಸಿಗುವ ಆಸ್ಪತ್ರೆ ಬೇಕು. ಮಂಡ್ಯದ ಮಿಮ್ಸ್‌ನಲ್ಲೋ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಆಸ್ಪತ್ರೆಯಲ್ಲೋ ಈಗಲೇ ವಿಚಾರಿಸುವುದು ಒಳ್ಳೆಯದು. ಹೆರಿಗೆ ಕೋಣೆಯಲ್ಲಿ ಮಗುವಿನ ಎದೆಬಡಿತವನ್ನು ಬಿಡದೆ ಗಮನಿಸುತ್ತಾರೆ. ಗಾಯ ಬಿರಿದರೆ ಹೆಚ್ಚಾಗಿ ಮೊದಲು ಏರುಪೇರಾಗುವುದು ಅದೇ. ಮನೆಯಲ್ಲಿ ಬಿಡುವಿಲ್ಲದ ಹೊಟ್ಟೆನೋವು ಬಂದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಕಡಿಮೆಯಾದರೆ ಕೂಡಲೇ 108ಕ್ಕೆ ಕರೆ ಮಾಡಬೇಕು.