ಡೇಟಾಬೇಸ್ ಬದಲಾವಣೆ: ಲೆಕ್ಕಪತ್ರಗಳಲ್ಲಿ ಸದ್ದಿಲ್ಲದೆ ನುಸುಳುವ ವ್ಯತ್ಯಾಸಗಳು

ಬಿಲ್ಲಿಂಗ್, ದಾಸ್ತಾನು ಮತ್ತು ಲೆಕ್ಕಪತ್ರಗಳನ್ನು ಒರಾಕಲ್ ಡೇಟಾಬೇಸ್‌ನಲ್ಲಿ ನಿರ್ವಹಿಸುತ್ತಿರುವ ಹಲವು ಸಂಸ್ಥೆಗಳು ಪರವಾನಗಿ ಶುಲ್ಕ ಹಾಗೂ ವಾರ್ಷಿಕ ನಿರ್ವಹಣಾ ಶುಲ್ಕದ ಹೊರೆಯನ್ನು ತಗ್ಗಿಸಲು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ತಂತ್ರಾಂಶದತ್ತ ಹೊರಳುತ್ತಿವೆ. ಇವೆರಡೂ ಎಸ್‌ಕ್ಯೂಎಲ್ ಭಾಷೆಯನ್ನೇ ಬಳಸುತ್ತವೆಯಾದರೂ ಸಂಖ್ಯೆ, ಖಾಲಿ ಜಾಗ ಮತ್ತು ವ್ಯವಹಾರದ ದಾಖಲಾತಿಯನ್ನು ಅರ್ಥೈಸುವ ಕ್ರಮ ಬೇರೆ ಬೇರೆ. ಪರಿವರ್ತನೆಯ ಸಾಧನವು ದೋಷವನ್ನು ವರದಿ ಮಾಡಿದರೆ ಅದನ್ನು ತಿದ್ದಬಹುದು. ದೋಷವನ್ನೇ ತೋರದೆ ಮೊತ್ತವು ಬದಲಾದರೆ ಅದು ಲೆಕ್ಕಪರಿಶೋಧನೆಯ ಸಮಯದಲ್ಲಷ್ಟೇ ಬೆಳಕಿಗೆ ಬರುತ್ತದೆ. ಪ್ರಸ್ತುತ ಲೇಖನವು ಈ ಎರಡನೆಯ ಬಗೆಯನ್ನು ಕುರಿತದ್ದು.

ಮೊದಲ ಹೆಜ್ಜೆ: ಅಂದಾಜು ವರದಿ

ಈ ಕಾರ್ಯಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಉಚಿತ ಸಾಧನ ಓರಾ2ಪಿಜಿ. ಇದು ಹಳೆಯ ಡೇಟಾಬೇಸ್‌ನ ಕೋಷ್ಟಕಗಳು, ಟ್ರಿಗರ್‌ಗಳು ಮತ್ತು ಅದರೊಳಗೇ ಬರೆದಿಟ್ಟ ಪ್ರೋಗ್ರಾಮುಗಳನ್ನು ಓದಿ, ಹೊಸದಕ್ಕೆ ಹೊಂದುವ ರೂಪದಲ್ಲಿ ಬರೆದುಕೊಡುತ್ತದೆ. ಅದಕ್ಕೂ ಮೊದಲು ಕೆಲಸದ ಅಂದಾಜನ್ನು ಪಡೆಯಬಹುದು:

```
ora2pg -t SHOW_REPORT --estimate_cost -c ora2pg.conf
```

ವರದಿಯ ಕೊನೆಯಲ್ಲಿ ಒಂದು ಅಕ್ಷರ ಮತ್ತು ಒಂದು ಅಂಕಿಯ ಶ್ರೇಣಿ ಇರುತ್ತದೆ. `A` ಎಂದರೆ ಪರಿವರ್ತನೆ ಬಹುತೇಕ ತಾನಾಗಿಯೇ ಆಗಬಹುದು. `B` ಎಂದರೆ ಕೆಲವು ಪ್ರೋಗ್ರಾಮುಗಳನ್ನು ಕೈಯಿಂದ ತಿದ್ದಬೇಕು, 5 ದಿನಗಳ ಒಳಗೆ ಮುಗಿಯಬಹುದು. `C` ಎಂದರೆ ಅದಕ್ಕೂ ಹೆಚ್ಚು. 1ರಿಂದ 5ರವರೆಗಿನ ಅಂಕಿಯು ತಾಂತ್ರಿಕ ಕಠಿಣತೆಯನ್ನು ಸೂಚಿಸುತ್ತದೆ. ಶ್ರಮವನ್ನು ಘಟಕಗಳಲ್ಲಿ ಎಣಿಸಲಾಗುತ್ತದೆ. ಒಂದು ಘಟಕಕ್ಕೆ 5 ನಿಮಿಷ. ವರದಿಯು 240 ಘಟಕಗಳನ್ನು ತೋರಿಸಿದರೆ 1,200 ನಿಮಿಷ, ಅಂದರೆ 20 ಗಂಟೆಗಳ ಕೆಲಸವಾಯಿತು. ಆದರೆ ಈ 5 ನಿಮಿಷವು ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ನುರಿತವರ ಲೆಕ್ಕ. ಮೊದಲ ಬಾರಿಗೆ ಕೈಹಾಕುವವರಿಗೆ ಘಟಕವೊಂದಕ್ಕೆ 10 ನಿಮಿಷ ಹಿಡಿಯುವುದು ಉಚಿತ. ಆಗ ಅದೇ ಕೆಲಸ 40 ಗಂಟೆಗಳದಾಗುತ್ತದೆ. ಗುತ್ತಿಗೆದಾರರ ದರಪಟ್ಟಿಯನ್ನು ಒಪ್ಪುವ ಮುನ್ನ ಈ ವರದಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಡೇಟಾಬೇಸ್‌ನ ಹೊರಗಿರುವ ಬಿಲ್ಲಿಂಗ್ ತಂತ್ರಾಂಶವನ್ನು ತಿದ್ದುವ ಶ್ರಮವು ಈ ಅಂದಾಜಿನಲ್ಲಿ ಸಹಜವಾಗಿಯೇ ಸೇರಿರುವುದಿಲ್ಲ.

ಸಂಖ್ಯೆಗಳ ಸ್ವರೂಪ

ಒರಾಕಲ್‌ನಲ್ಲಿ ಮೊತ್ತ, ತೆರಿಗೆ ದರ, ಬಿಲ್ ಸಂಖ್ಯೆ ಎಲ್ಲಕ್ಕೂ ಸಾಮಾನ್ಯವಾಗಿ `NUMBER` ಎಂಬ ಒಂದೇ ಬಗೆ ಬಳಕೆಯಾಗುತ್ತದೆ. ಓರಾ2ಪಿಜಿಯು ವೇಗದ ದೃಷ್ಟಿಯಿಂದ, ನಾವು ಬೇರೆ ಸೂಚನೆ ನೀಡದಿದ್ದರೆ, ಇದನ್ನು ಹಲವು ಬಗೆಗಳಾಗಿ ಒಡೆಯುತ್ತದೆ. ಎರಡು ದಶಮಾಂಶವುಳ್ಳ ಮೊತ್ತದ ಅಂಕಣ `NUMBER(14,2)` ಎಂಬುದು `double precision` ಆಗುತ್ತದೆ. ಇದು ದ್ವಿಮಾನ ಪದ್ಧತಿಯ ಅಂದಾಜು ಸಂಖ್ಯೆ. 10 ಪೈಸೆಯನ್ನು ಅದು ನಿಖರವಾಗಿ ಹಿಡಿದಿಡಲಾರದು. ಖರ್ಚಿನ ಬದಿಯಲ್ಲಿ 0.10 ಮತ್ತು 0.20, ಜಮೆಯ ಬದಿಯಲ್ಲಿ 0.30 ಇರುವ ವೋಚರನ್ನು ಕೂಡಿಸಿದರೆ ಖರ್ಚಿನ ಮೊತ್ತ 0.30000000000000004 ಎಂದು ಬರುತ್ತದೆ. ಎರಡೂ ಬದಿ ಸಮವಾಗಿವೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಮು ಸರಿಯಾದ ವೋಚರನ್ನೇ ತಿರಸ್ಕರಿಸುತ್ತದೆ.

ಇದಕ್ಕಿಂತ ಗಂಭೀರವಾದುದು ಭಾಗಾಕಾರ. ತೆರಿಗೆ ದರದ ಅಂಕಣ `NUMBER(2)` ಆಗಿದ್ದರೆ ಅದು `smallint` ಎಂಬ ಪೂರ್ಣಾಂಕವಾಗುತ್ತದೆ. ಒರಾಕಲ್‌ನಲ್ಲಿ 18ನ್ನು 100ರಿಂದ ಭಾಗಿಸಿದರೆ 0.18. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಭಾಗ ಉದುರಿಹೋಗಿ 0 ಉಳಿಯುತ್ತದೆ. ಒಂದು ಸಗಟು ವ್ಯಾಪಾರ ಸಂಸ್ಥೆಯ ಪ್ರೋಗ್ರಾಮಿನಲ್ಲಿ ಹೀಗಿದೆ ಎಂದಿಟ್ಟುಕೊಳ್ಳೋಣ:

```
tax := amount * (rate / 100);
```

ರೂ. 40,000 ಮೌಲ್ಯದ ಸರಕಿಗೆ 18 ಶೇಕಡಾ ದರದಲ್ಲಿ ಬರಬೇಕಾದ ತೆರಿಗೆ ರೂ. 7,200. ವಲಸೆಯ ನಂತರ ಇದೇ ಸಾಲು 0 ಕೊಡುತ್ತದೆ. ಯಾವ ದೋಷ ಸಂದೇಶವೂ ಬರುವುದಿಲ್ಲ. ಬಿಲ್ ಮುದ್ರಣವಾಗುತ್ತದೆ, ಸರಕು ಹೊರಡುತ್ತದೆ. ಆವರಣವಿಲ್ಲದೆ `amount * rate / 100` ಎಂದು ಬರೆದಿದ್ದರೆ ಗುಣಾಕಾರ ಮೊದಲು ನಡೆದು ಉತ್ತರ ಸರಿಯಾಗಿರುತ್ತಿತ್ತು. ಹೀಗಾಗಿ ಒಂದು ವರದಿ ಸರಿಯಾಗಿದ್ದು ಮತ್ತೊಂದು ತಪ್ಪಾಗಿರುವ ಸಂಭವವಿದೆ. ಒಂದೆರಡು ಬಿಲ್‌ಗಳನ್ನು ನೋಡಿ ತೃಪ್ತಿಪಡುವುದು ಸಾಲದು. ಪರಿಹಾರ ಸರಳ. ಪರಿವರ್ತನೆಗೆ ಮೊದಲೇ `ora2pg.conf` ಕಡತದಲ್ಲಿ ಹೀಗೆ ನಮೂದಿಸಬೇಕು:

```
PG_NUMERIC_TYPE   0
PG_INTEGER_TYPE   0
DEFAULT_NUMERIC   numeric
```

ಆಗ ಹಣದ ಅಂಕಣಗಳು ನಿಖರವಾದ `numeric` ಬಗೆಯಲ್ಲೇ ಉಳಿಯುತ್ತವೆ, ಭಾಗಾಕಾರವೂ ದಶಮಾಂಶ ಸಹಿತ ನಡೆಯುತ್ತದೆ. ವೇಗ ಸ್ವಲ್ಪ ತಗ್ಗುತ್ತದೆ. ಬಿಲ್ ಸಂಖ್ಯೆಯಂತಹ ಅಂಕಣಗಳಿಗೆ ಮಾತ್ರ ಪೂರ್ಣಾಂಕ ಬೇಕೆನಿಸಿದರೆ `MODIFY_TYPE` ಸೂಚನೆಯಿಂದ ಅವನ್ನು ಪ್ರತ್ಯೇಕವಾಗಿ ಹೆಸರಿಸಬಹುದು.

ಖಾಲಿ ಜಾಗದ ಅರ್ಥ

ಒರಾಕಲ್ ಖಾಲಿ ಪದವನ್ನು "ಮೌಲ್ಯವಿಲ್ಲ" (`NULL`) ಎಂದೇ ಪರಿಗಣಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಇವೆರಡೂ ಬೇರೆ. ನೋಂದಣಿಯಿಲ್ಲದ ಗ್ರಾಹಕರ ಪಟ್ಟಿಯನ್ನು `gstin IS NULL` ಎಂಬ ನಿಬಂಧನೆಯಿಂದ ತೆಗೆಯುತ್ತಿದ್ದಲ್ಲಿ, ವಲಸೆಗೆ ಮುಂಚಿನ ದಾಖಲೆಗಳು ಪಟ್ಟಿಯಲ್ಲಿ ಬರುತ್ತವೆ. ವಲಸೆಯ ನಂತರ ಬಿಲ್ಲಿಂಗ್ ತಂತ್ರಾಂಶವು ಖಾಲಿ ಪದವೆಂದು ಬರೆದ ದಾಖಲೆಗಳು ಬರುವುದಿಲ್ಲ. ವಲಸೆಯ ದಿನ ಪಟ್ಟಿ ಸರಿಯಾಗಿಯೇ ಇದ್ದು, ತಿಂಗಳ ಕೊನೆಯ ವಿವರಪಟ್ಟಿಯಲ್ಲಿ ಕೊರತೆ ಕಾಣಿಸಿಕೊಳ್ಳುವುದು ಈ ದೋಷದ ಲಕ್ಷಣ.

ತಿದ್ದುಪಡಿ ದಾಖಲೆ

ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಬೇಕೆಂಬ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಈ ಬಗ್ಗೆ ನಮೂದಿಸಲೇಬೇಕು. ವಲಸೆಯಲ್ಲಿ ಈ ದಾಖಲೆಗೆ ಎರಡು ಅಪಾಯಗಳಿವೆ.

ಮೊದಲನೆಯದು, ಹಳೆಯ ದತ್ತಾಂಶವನ್ನು ತುಂಬುವಾಗ ಟ್ರಿಗರ್‌ಗಳು ಜಾಗೃತವಾಗಿದ್ದರೆ ಪ್ರತಿ ವೋಚರೂ ವಲಸೆಯ ದಿನದಂದೇ ಹೊಸದಾಗಿ ನಮೂದಾಯಿತೆಂದು ದಾಖಲಾಗುತ್ತದೆ. `DISABLE_TRIGGERS` ಸೂಚನೆಯಿಂದ ಅವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಹಳೆಯ ತಿದ್ದುಪಡಿ ಕೋಷ್ಟಕವನ್ನು ಇದ್ದಂತೆಯೇ ಸಾಗಿಸಬೇಕು; ನಂತರ ಟ್ರಿಗರ್‌ಗಳು ಮತ್ತೆ ಚಾಲನೆಗೊಂಡಿವೆಯೇ ಎಂದು ಒಂದು ಪರೀಕ್ಷಾ ವೋಚರನ್ನು ತಿದ್ದಿ ನೋಡಬೇಕು.

ಎರಡನೆಯದು, ಮೂಲ ವ್ಯವಹಾರ ರದ್ದಾದರೂ ಪ್ರಯತ್ನದ ದಾಖಲೆ ಉಳಿಯಲೆಂದು ಒರಾಕಲ್‌ನಲ್ಲಿ `PRAGMA AUTONOMOUS_TRANSACTION` ಎಂಬ ಸೌಲಭ್ಯವನ್ನು ಬಳಸಿರುತ್ತಾರೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಇದಕ್ಕೆ ನೇರ ಸಮಾನವಿಲ್ಲ. ಓರಾ2ಪಿಜಿಯು `dblink` ಮೂಲಕ ಮತ್ತೊಂದು ಸಂಪರ್ಕ ತೆರೆದು ಬರೆಯುವಂತೆ ಪರಿವರ್ತಿಸುತ್ತದೆ. ಯಾರಾದರೂ ಅದನ್ನು ಕೈಬಿಟ್ಟು ಸಾಮಾನ್ಯ ಬರಹವಾಗಿ ಬದಲಾಯಿಸಿದ್ದರೆ, ರದ್ದಾದ ವ್ಯವಹಾರದೊಡನೆ ಅದರ ದಾಖಲೆಯೂ ಅಳಿಸಿಹೋಗುತ್ತದೆ. ಒಂದು ವೋಚರನ್ನು ಉದ್ದೇಶಪೂರ್ವಕವಾಗಿ ವಿಫಲಗೊಳಿಸಿ, ದಾಖಲೆ ಉಳಿದಿದೆಯೇ ಎಂದು ನೋಡುವುದೇ ಇದರ ಪರೀಕ್ಷೆ.

ತಾಳೆ ನೋಡುವ ಕ್ರಮ

`ora2pg -t TEST` ಆಜ್ಞೆಯು ಎರಡೂ ಕಡೆಯ ಕೋಷ್ಟಕಗಳು ಮತ್ತು ಇತರ ಅಂಶಗಳ ಸಂಖ್ಯೆಯನ್ನು ಹೋಲಿಸುತ್ತದೆ. ಇದು ಅಗತ್ಯ, ಆದರೆ ಸಾಲುಗಳ ಎಣಿಕೆ ಸರಿಯಿದ್ದ ಮಾತ್ರಕ್ಕೆ ಮೊತ್ತ ಸರಿಯಿದೆ ಎಂದಾಗದು. ಆದ್ದರಿಂದ ಒಂದೇ ದಿನಾಂಕಕ್ಕೆ ಎರಡೂ ವ್ಯವಸ್ಥೆಗಳಿಂದ ತಾಳೆಪಟ್ಟಿ ತೆಗೆದು ಪೈಸೆಯವರೆಗೆ ಹೋಲಿಸಬೇಕು. ಬಳಿಕ ಮುಗಿದುಹೋದ ಒಂದು ತಿಂಗಳ ಎಲ್ಲ ಬಿಲ್‌ಗಳ ತೆರಿಗೆಯನ್ನು ಹೊಸ ವ್ಯವಸ್ಥೆಯಲ್ಲಿ ಮರುಲೆಕ್ಕ ಮಾಡಿಸಿ, ದರವಾರು ಒಟ್ಟು ಮೊತ್ತವನ್ನು ಸಲ್ಲಿಸಲಾದ ವಿವರಪಟ್ಟಿಯೊಡನೆ ತಾಳೆ ನೋಡಬೇಕು. ತಾಳೆಪಟ್ಟಿಯು ಸಾಗಿಬಂದ ದತ್ತಾಂಶವನ್ನು ಪರೀಕ್ಷಿಸಿದರೆ, ಮರುಲೆಕ್ಕವು ಪರಿವರ್ತಿತ ಪ್ರೋಗ್ರಾಮನ್ನು ಪರೀಕ್ಷಿಸುತ್ತದೆ. ಮೇಲೆ ವಿವರಿಸಿದ ಭಾಗಾಕಾರದ ದೋಷ ಸಿಕ್ಕಿಬೀಳುವುದು ಎರಡನೆಯದರಲ್ಲಿ ಮಾತ್ರ.

ಲೆಕ್ಕಪತ್ರಗಳನ್ನು 8 ಆರ್ಥಿಕ ವರ್ಷಗಳವರೆಗೆ ಕಾಪಾಡಬೇಕೆಂದು ಕಂಪನಿ ಕಾಯ್ದೆ ವಿಧಿಸುವುದರಿಂದ, ಎರಡೂ ತಾಳೆಗಳ ಸಹಿ ಮಾಡಿದ ಪ್ರತಿಗಳನ್ನು ಹಾಗೂ ಹಳೆಯ ಡೇಟಾಬೇಸ್‌ನ ಓದಬಲ್ಲ ಪ್ರತಿಯೊಂದನ್ನು ಅಷ್ಟೂ ಕಾಲ ಉಳಿಸಿಕೊಳ್ಳತಕ್ಕದ್ದು.